ಶೆಮಾ ಯಿಸ್ರಾಯೇಲ್: ಆರು ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶೆಮಾ ಅಂದರೆ ಏನು?

ಯೆಹೂದ್ಯರು ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ರಾತ್ರಿ, ತಪ್ಪದೆ ಓದುವ ವಾಕ್ಯ ಇದು. ಹೀಬ್ರೂ ಭಾಷೆಯಲ್ಲಿ ಇರುವುದು ಆರೇ ಪದ: ಶೆಮಾ ಯಿಸ್ರಾಯೇಲ್, ಅದೋನಾಯ್ ಎಲೋಹೇನು, ಅದೋನಾಯ್ ಎಖಾದ್. ಬೈಬಲಿನ ಧರ್ಮೋಪದೇಶಕಾಂಡದ 6ನೇ ಅಧ್ಯಾಯದ 4ನೇ ವಚನ. ಮೋಶೆ ತನ್ನ ಜನರಿಗೆ ಹೇಳುವ ಮಾತು. "ಇಸ್ರಾಯೇಲೇ ಕೇಳು, ಕರ್ತನು ನಮ್ಮ ದೇವರು, ಕರ್ತನು ಒಬ್ಬನೇ" ಎಂದು ಸದ್ಯಕ್ಕೆ ಇಟ್ಟುಕೊಳ್ಳಿ. ಈ ಅನುವಾದ ಅಷ್ಟು ಸುಲಭದ್ದಲ್ಲ, ಮುಂದೆ ನೋಡೋಣ.

ಮೊದಲ ಪದವೇ ಇಡೀ ಪಾಠಕ್ಕೆ ಹೆಸರಾಗಿದೆ. ಈ ವಾಕ್ಯಕ್ಕೂ ಶೆಮಾ ಅಂತಾರೆ, ಅದರ ಹಿಂದೆ ಬರುವ ಮೂರು ಭಾಗದ ಓದಿಗೂ ಶೆಮಾ ಅಂತಲೇ ಅಂತಾರೆ.

ಇದು ಪ್ರಾರ್ಥನೆ ತಾನೇ?

ನಿಜ ಹೇಳಬೇಕೆಂದರೆ ಅಲ್ಲ. ಪ್ರಾರ್ಥನೆ ದೇವರ ಜೊತೆ ಆಡುವ ಮಾತು. ಶೆಮಾದಲ್ಲಿ ಯಾರೂ ದೇವರನ್ನು ಕರೆಯುವುದಿಲ್ಲ, ಏನನ್ನೂ ಬೇಡುವುದಿಲ್ಲ. "ಇಸ್ರಾಯೇಲೇ, ಕೇಳು" ಎಂದು ಒಬ್ಬ ಯೆಹೂದಿ ತನ್ನವರಿಗೆ, ತನಗೂ ಸೇರಿಸಿ, ಹೇಳಿಕೊಳ್ಳುತ್ತಾನೆ. ಅದಕ್ಕೇ ಅವರ ಮಾತಿನಲ್ಲಿ ಇದು "ಕ್ರಿಯತ್ ಶೆಮಾ", ಅಂದರೆ ಶೆಮಾದ ಓದು. "ತೆಫಿಲಾ", ಅಂದರೆ ಪ್ರಾರ್ಥನೆ ಎಂಬ ಹೆಸರು ಇದರ ನಂತರ ನಿಂತು ಹೇಳುವ ಅಮಿದಾ ಎಂಬ ಭಾಗಕ್ಕೆ ಮೀಸಲು.

ಇದು ಬರೀ ಹೆಸರಿನ ಮಾತಲ್ಲ. ಶೆಮಾಕ್ಕೆ ಇರುವ ನಿಯಮಗಳೆಲ್ಲ ಓದಿನ ನಿಯಮಗಳೇ: ಯಾವ ಹೊತ್ತಿನೊಳಗೆ ಓದಬೇಕು, ಯಾವ ಅಕ್ಷರ ನುಂಗಬಾರದು, ನಡುವೆ ಯಾರಾದರೂ ನಮಸ್ಕಾರ ಹೇಳಿದರೆ ಏನು ಮಾಡಬೇಕು, ಹೀಗೆ. ಸುಮಾರು 1800 ವರ್ಷ ಹಿಂದೆ ಒಟ್ಟುಗೂಡಿದ ಮಿಷ್ನಾ ಎಂಬ ನಿಯಮ ಸಂಗ್ರಹ ಶುರುವಾಗುವುದೇ "ಸಂಜೆಯ ಶೆಮಾವನ್ನು ಯಾವಾಗಿನಿಂದ ಓದಬಹುದು?" ಎಂಬ ಪ್ರಶ್ನೆಯಿಂದ. ಓದಬೇಕೋ ಬೇಡವೋ ಎಂಬ ಚರ್ಚೆ ಇಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮೊದಲ ಪದ "ಶೆಮಾ". ಬರೀ ಕಿವಿಯಿಂದ ಕೇಳುವುದಾ?

ಕಿವಿಯಿಂದ ಕೇಳುವುದೂ ಹೌದು, ಕೇಳಿದಂತೆ ನಡೆಯುವುದೂ ಹೌದು. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ಆ ಹುಡುಗ ಅಪ್ಪನ ಮಾತು ಕೇಳಲ್ಲ" ಅಂದರೆ ಕಿವಿ ಮಂದ ಅಂತ ಯಾರೂ ತಿಳಿಯುವುದಿಲ್ಲ, ಅಲ್ವಾ? ಹೀಬ್ರೂ ಪದವೂ ಹಾಗೇ: ಕೇಳು, ಗಮನ ಕೊಡು, ಹೇಳಿದಂತೆ ನಡೆ.

ಒಂದು ಸಣ್ಣ ವ್ಯಾಕರಣದ ಮಾತು. ಮೂಲದಲ್ಲಿ ಇದು ಏಕವಚನ. ಕನ್ನಡ ಬೈಬಲಿನಲ್ಲಿ "ಇಸ್ರಾಯೇಲ್ಯರೇ, ಕೇಳಿರಿ" ಎಂದು ಬಹುವಚನದಲ್ಲಿ ಓದಿರುತ್ತೀರಿ. ಕನ್ನಡಕ್ಕೆ ಅದು ಸಹಜ. ಮೂಲದಲ್ಲಿ ಮಾತ್ರ ಇಡೀ ಜನಾಂಗವನ್ನು ಒಬ್ಬನೇ ಎಂಬಂತೆ ನಿಲ್ಲಿಸಿ "ಕೇಳು" ಎನ್ನಲಾಗಿದೆ.

"ಯಿಸ್ರಾಯೇಲ್" ಇಲ್ಲಿ ದೇಶದ ಹೆಸರಾ?

ಅಲ್ಲ. ಇಲ್ಲಿ ಅದು ಜನರ ಹೆಸರು. ಅದಕ್ಕೂ ಮೊದಲು ಅದು ಒಬ್ಬ ಮನುಷ್ಯನ ಹೆಸರು. ಹನ್ನೆರಡು ಗಂಡುಮಕ್ಕಳ ತಂದೆ ಯಾಕೋಬನಿಗೆ ದೇವರು ಕೊಟ್ಟ ಇನ್ನೊಂದು ಹೆಸರು ಇಸ್ರಾಯೇಲ್. ಇದನ್ನು ನೆನಪಿಟ್ಟುಕೊಳ್ಳಿ, ಪಿಸುಮಾತಿನ ಸಾಲಿಗೆ ಬಂದಾಗ ಬೇಕಾಗುತ್ತದೆ.

ಮೂರನೇ ಮತ್ತು ಐದನೇ ಪದ ಬರೆದಿರುವುದೇ ಒಂದು, ಓದುವುದೇ ಇನ್ನೊಂದು. ಯಾಕೆ?

ಬರೆದಿರುವುದು ದೇವರ ನಾಲ್ಕಕ್ಷರದ ಹೆಸರು: ಯೋದ್, ಹೇ, ವಾವ್, ಹೇ. ಇದನ್ನು ಬರೆದಂತೆ ಉಚ್ಚರಿಸುವ ಪದ್ಧತಿ ಯೆಹೂದ್ಯರಲ್ಲಿ ಇಲ್ಲ. ಯೆರೂಸಲೇಮಿನ ದೇವಾಲಯ ಇದ್ದ ಕಾಲದಲ್ಲಿ ಮಹಾಯಾಜಕ ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನ ಉಚ್ಚರಿಸುತ್ತಿದ್ದ. ರೋಮನರು ಕ್ರಿ.ಶ. 70ರಲ್ಲಿ ದೇವಾಲಯವನ್ನು ಕೆಡವಿದ ಮೇಲೆ ಆ ಉಚ್ಚಾರಣೆಯೂ ಹೋಯಿತು. ಓದುವಾಗ "ಅದೋನಾಯ್", ಅಂದರೆ "ನನ್ನ ಒಡೆಯ" ಅಂತಾರೆ. ಮನೆಮಾತಿನಲ್ಲಿ ಅದೂ ಬೇಡ ಎಂದು "ಹಾಶೆಮ್", ಅಂದರೆ "ಆ ಹೆಸರು" ಅಂದುಬಿಡುತ್ತಾರೆ.

ನಡುವಿನ "ಎಲೋಹೇನು" ಸರಳ: ನಮ್ಮ ದೇವರು. ಕೊನೆಯ "ನು" ಎಂದರೆ "ನಮ್ಮ". ಒಬ್ಬನೇ ಕೂತು ಓದಿದರೂ "ನನ್ನ ದೇವರು" ಎಂದಾಗುವುದಿಲ್ಲ.

ಹಾಗಾದರೆ ಇಡೀ ವಾಕ್ಯದ ಅರ್ಥ ಏನು? ಒಂದೊಂದು ಕಡೆ ಒಂದೊಂದು ರೀತಿ ಕಾಣುತ್ತದಲ್ಲ?

ಕೊನೆಯ ನಾಲ್ಕು ಪದಗಳಲ್ಲಿ ಕ್ರಿಯಾಪದವೇ ಇಲ್ಲ. "ಅವನು ನಮ್ಮ ಮೇಷ್ಟ್ರು" ಎಂದು ನಾವು ಹೇಳುವ ಹಾಗೇ. ಆದ್ದರಿಂದ ಎಲ್ಲಿ ಉಸಿರು ನಿಲ್ಲಿಸುತ್ತೀರೋ ಅದರ ಮೇಲೆ ಅರ್ಥ ಬದಲಾಗುತ್ತದೆ. "ಅದೋನಾಯ್ ನಮ್ಮ ದೇವರು; ಅದೋನಾಯ್ ಒಬ್ಬನೇ" ಎನ್ನಬಹುದು. "ನಮ್ಮ ದೇವರಾದ ಅದೋನಾಯ್ ಒಬ್ಬನೇ ಅದೋನಾಯ್" ಎನ್ನಬಹುದು. "ಅದೋನಾಯ್ ನಮ್ಮ ದೇವರು, ಅದೋನಾಯ್ ಮಾತ್ರ" ಎಂದೂ ಓದಬಹುದು. ಮೊದಲೆರಡು ದೇವರು ಎಷ್ಟು ಎಂಬುದರ ಬಗ್ಗೆ. ಮೂರನೆಯದು ನಾವು ಯಾರಿಗೆ ನಿಷ್ಠರು ಎಂಬುದರ ಬಗ್ಗೆ.

ಹಳೆಯ ವ್ಯಾಖ್ಯಾನಕಾರರೂ ಒಂದೇ ಕಡೆ ನಿಂತಿಲ್ಲ. 11ನೇ ಶತಮಾನದ ಫ್ರಾನ್ಸಿನ ರಾಶಿ ಇದರಲ್ಲಿ ಎರಡು ಕಾಲ ಕಂಡರು: ಈಗ "ನಮ್ಮ" ದೇವರಾಗಿರುವ ಅದೋನಾಯ್ ಮುಂದೊಂದು ದಿನ ಎಲ್ಲ ಜನರಿಗೂ "ಒಬ್ಬನೇ" ಆಗುತ್ತಾನೆ. ಅವರ ಮೊಮ್ಮಗ ರಶ್ಬಾಮ್ ಅಷ್ಟು ದೂರ ಹೋಗಲಿಲ್ಲ. ಅವನೊಬ್ಬನೇ ನಮ್ಮ ದೇವರು, ಜೊತೆಗೆ ಬೇರೆ ಯಾರೂ ಇಲ್ಲ, ಅಷ್ಟೇ ಎಂದರು. ನನಗೆ ವಾಕ್ಯದ ನೇರ ಅರ್ಥಕ್ಕೆ ಮೊಮ್ಮಗನೇ ಹತ್ತಿರ ಅನ್ನಿಸುತ್ತದೆ. ಆದರೆ ಪ್ರಾರ್ಥನೆಯಲ್ಲಿ ಇದನ್ನು ಹೇಳುವ ಧಾಟಿಗೆ ಅಜ್ಜನ ಮಾತು ಚೆನ್ನಾಗಿ ಕೂರುತ್ತದೆ.

"ಎಖಾದ್" ಅಂದರೆ "ಹಲವು ಸೇರಿ ಒಂದು" ಅಂತಾರಲ್ಲ, ನಿಜವಾ?

ಕ್ರೈಸ್ತ ಗೆಳೆಯರಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಗಂಡ ಹೆಂಡತಿ "ಒಂದೇ ಶರೀರ" ಎಂಬಲ್ಲಿ ಇದೇ ಪದ ಇರುವುದು ನಿಜ. ಆದರೆ ಎಖಾದ್ ಹೀಬ್ರೂವಿನಲ್ಲಿ ಎಣಿಕೆಯ "ಒಂದು", ಅಷ್ಟೇ. ಒಂದು ದಿನ, ಒಂದು ಕುರಿ, ಎಲ್ಲಕ್ಕೂ ಅದೇ. ಪದದ ಮೇಲೆ ಅಷ್ಟು ಭಾರ ಹೊರಿಸಿದರೆ ಅದು ತಡೆಯುವುದಿಲ್ಲ.

ಯೆಹೂದಿ ಚಿಂತನೆಯಲ್ಲಿ ಈ "ಒಂದು" ಎಂಥದ್ದು ಎಂದು ಬಿಡಿಸಿ ಹೇಳಿದವರು 12ನೇ ಶತಮಾನದ ಮೈಮೋನಿಡಿಸ್. ಹಲವರನ್ನು ಒಳಗೊಂಡ ಜಾತಿಯೊಂದು ಒಂದಾಗಿರುವ ಹಾಗೆ ಅಲ್ಲ, ಅಂಗಗಳಾಗಿ ಭಾಗವಾಗುವ ದೇಹದ ಹಾಗೂ ಅಲ್ಲ; ಲೋಕದಲ್ಲಿ ಇದರಂಥ ಇನ್ನೊಂದು ಒಂದು ಇಲ್ಲ ಎಂದರು. ಅಂದಹಾಗೆ, ಎಲ್ಲಕ್ಕಿಂತ ಮುಖ್ಯ ಆಜ್ಞೆ ಯಾವುದು ಎಂದು ಕೇಳಿದಾಗ ಯೇಸು ಉತ್ತರ ಶುರು ಮಾಡುವುದೂ ಈ ವಾಕ್ಯದಿಂದಲೇ. ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿದೆ.

ತೋರಾ ಸುರುಳಿಯಲ್ಲಿ ಎರಡು ಅಕ್ಷರ ದೊಡ್ಡದಾಗಿ ಬರೆದಿರುತ್ತಾರೆ. ತಪ್ಪಿ ಹೋಗಿದೆಯಾ?

ಇಲ್ಲ, ಬೇಕೆಂದೇ ಬರೆಯುವುದು. ತೋರಾ ಅಂದರೆ ಬೈಬಲಿನ ಮೊದಲ ಐದು ಪುಸ್ತಕ, ಈ ವಾಕ್ಯ ಇರುವುದೂ ಅಲ್ಲೇ. "ಶೆಮಾ" ಪದದ ಕೊನೆಯ ಅಯಿನ್ ಮತ್ತು "ಎಖಾದ್" ಪದದ ಕೊನೆಯ ದಾಲೆತ್. ಎರಡನ್ನೂ ಸೇರಿಸಿದರೆ "ಏದ್", ಅಂದರೆ ಸಾಕ್ಷಿ. ಓದುವವನು ಸಾಕ್ಷಿ ಹೇಳುತ್ತಿದ್ದಾನೆ ಎಂಬ ವಿವರಣೆ ಎಲ್ಲರ ಬಾಯಲ್ಲೂ ಇದೆ.

ಇನ್ನೊಂದು ಕಾರಣ ನಕಲು ಬರೆಯುವವನ ಕಷ್ಟಕ್ಕೆ ಸೇರಿದ್ದು. ದಾಲೆತ್ ಮತ್ತು ರೇಷ್ ಅಕ್ಷರಗಳಿಗೆ ವ್ಯತ್ಯಾಸ ಮೂಲೆಯಲ್ಲಿ ಮಾತ್ರ. ದಾಲೆತ್‌ಗೆ ಬಲಗಡೆ ಚೂಪಾದ ಮೂಲೆ, ರೇಷ್‌ಗೆ ಅಲ್ಲಿ ಉರುಟು. ಮಸಿ ಸ್ವಲ್ಪ ಹರಡಿ ಆ ಮೂಲೆ ಉರುಟಾದರೆ "ಎಖಾದ್" ಹೋಗಿ "ಅಖೇರ್" ಎಂದು ಓದಲು ಬರುತ್ತದೆ. ಅಖೇರ್ ಅಂದರೆ "ಬೇರೊಬ್ಬ". ಒಬ್ಬನೇ ದೇವರು ಎಂಬ ಸಾಲು ಬೇರೊಬ್ಬ ದೇವರು ಎಂದಾಗುತ್ತದೆ! ಅಷ್ಟು ದೊಡ್ಡದಾಗಿ ಬರೆದರೆ ಸಂಶಯಕ್ಕೆ ಜಾಗವಿಲ್ಲ.

ಓದುವಾಗಲೂ ಈ ಪದವನ್ನು ಎಳೆಯಬೇಕು ಎನ್ನುತ್ತದೆ ತಾಲ್ಮೂದ್, ಅಂದರೆ ಮಿಷ್ನಾದ ಮೇಲೆ ಪಂಡಿತರು ನಡೆಸಿದ ಚರ್ಚೆಗಳ ಸಂಗ್ರಹ. ಎಲ್ಲಿ ಎಳೆಯಬೇಕು? ಕೊನೆಯ ದಾಲೆತ್ ಮೇಲೆ. ಆದರೆ ಅದಕ್ಕಾಗಿ ನಡುವಿನ ಖೇತ್ ಅಕ್ಷರವನ್ನು ಅವಸರದಲ್ಲಿ ನುಂಗಬಾರದು. ಒಬ್ಬರು ಹೀಗೆ ಎಳೆದೂ ಎಳೆದೂ ನಿಲ್ಲಿಸದಿದ್ದಾಗ ರಬ್ಬಿ, ಅಂದರೆ ಧರ್ಮಗುರು, ಖಿಯಾ ಬಾರ್ ಅಬ್ಬಾ ತಡೆದರಂತೆ: ಮೇಲೆ, ಕೆಳಗೆ, ನಾಲ್ಕು ದಿಕ್ಕಿಗೂ ಅವನನ್ನು ಅರಸನನ್ನಾಗಿ ಮಾಡಿದ ಮೇಲೆ ಇನ್ನು ಸಾಕು.

ಎರಡನೇ ಸಾಲನ್ನು ಪಿಸುಗುಟ್ಟುವುದು ಯಾಕೆ?

ಆರು ಪದ ಗಟ್ಟಿಯಾಗಿ ಹೇಳಿದ ತಕ್ಷಣ ಇನ್ನೊಂದು ಸಾಲನ್ನು ಮೆಲ್ಲಗೆ ಹೇಳುತ್ತಾರೆ: "ಬಾರುಖ್ ಶೇಮ್ ಕೆವೋದ್ ಮಲ್ಖುತೋ ಲೆಓಲಾಮ್ ವಾಯೆದ್". ಅವನ ರಾಜ್ಯದ ಮಹಿಮೆಯ ಹೆಸರಿಗೆ ಎಂದೆಂದಿಗೂ ಸ್ತೋತ್ರ ಎಂಬ ಅರ್ಥ. ಇದು ಬೈಬಲಿನ ಆ ಅಧ್ಯಾಯದಲ್ಲಿ ಇಲ್ಲ. ದೇವಾಲಯದಲ್ಲಿ ಆ ಹೆಸರು ಕೇಳಿದಾಗ ಜನ ಹೇಳುತ್ತಿದ್ದ ಉತ್ತರ.

ತಾಲ್ಮೂದ್ ಒಂದು ಕಥೆ ಹೇಳುತ್ತದೆ. ಯಾಕೋಬ ಸಾಯುವ ಹೊತ್ತು. ಮಕ್ಕಳನ್ನು ಸುತ್ತ ಕೂರಿಸಿಕೊಂಡಿದ್ದಾನೆ. ಕಡೆಯ ಕಾಲದ ಗುಟ್ಟು ಹೇಳಬೇಕೆಂದುಕೊಂಡರೆ ದೇವರ ಸಾನ್ನಿಧ್ಯ ಸರಿದುಹೋಗುತ್ತದೆ. ಮಕ್ಕಳಲ್ಲಿ ಯಾರಾದರೂ ದಾರಿ ತಪ್ಪಿದ್ದಾರಾ ಎಂದು ಅವನಿಗೆ ಭಯ. ಆಗ ಮಕ್ಕಳೆಲ್ಲ "ಕೇಳು ಇಸ್ರಾಯೇಲ್" ಎಂದು ಅಪ್ಪನನ್ನು ಹೆಸರು ಹಿಡಿದು ಕರೆದು, ನಿನ್ನ ಮನಸ್ಸಿನಲ್ಲಿ ಒಬ್ಬನೇ ಇರುವಂತೆ ನಮ್ಮ ಮನಸ್ಸಿನಲ್ಲೂ ಒಬ್ಬನೇ ಎನ್ನುತ್ತಾರೆ. ಸಮಾಧಾನವಾದ ಅಪ್ಪ "ಬಾರುಖ್ ಶೇಮ್" ಎಂದು ಉತ್ತರಿಸುತ್ತಾನೆ.

ಈಗ ತೊಡಕು ಬಂತು. ಯಾಕೋಬ ಹೇಳಿದ್ದ, ಆದರೆ ಮೋಶೆ ಬರೆಯಲಿಲ್ಲ. ಹೇಳಿದರೆ ಮೋಶೆಯ ಮಾತಿಗೆ ಸೇರಿಸಿದಂತೆ, ಬಿಟ್ಟರೆ ಯಾಕೋಬನ ಮಾತು ತಳ್ಳಿದಂತೆ. ಹಾಗಾಗಿ ಪಿಸುಮಾತು. ತಾಲ್ಮೂದ್ ಇದಕ್ಕೆ ಕೊಡುವ ಹೋಲಿಕೆ ಮಜವಾಗಿದೆ: ರಾಜಕುಮಾರಿಗೆ ಪಾತ್ರೆಯ ತಳ ಹಿಡಿದ ಮಸಾಲೆಯ ವಾಸನೆ ಬಂತು. ಬೇಕು ಎಂದರೆ ಮಾನ ಹೋಗುತ್ತದೆ, ಹೇಳದಿದ್ದರೆ ಸಂಕಟ. ಸೇವಕರು ಗುಟ್ಟಾಗಿ ತಂದುಕೊಟ್ಟರು.

ವರ್ಷಕ್ಕೊಮ್ಮೆ ಯೋಮ್ ಕಿಪ್ಪುರ್ ದಿನ ಮಾತ್ರ ಈ ಸಾಲನ್ನು ಎಲ್ಲರೂ ಗಟ್ಟಿಯಾಗಿ ಹೇಳುತ್ತಾರೆ.

ಆರು ಪದ ಹೇಳಿದರೆ ಮುಗೀತಾ?

ಇಲ್ಲ, ಹಿಂದೆ ಮೂರು ಭಾಗ ಬರುತ್ತದೆ. ಮೊದಲನೆಯದು ಅದೇ 6ನೇ ಅಧ್ಯಾಯದ ಮುಂದುವರಿಕೆ: ಪೂರ್ಣ ಹೃದಯದಿಂದ, ಪೂರ್ಣ ಪ್ರಾಣದಿಂದ ದೇವರನ್ನು ಪ್ರೀತಿಸು, ಈ ಮಾತುಗಳನ್ನು ಮಕ್ಕಳಿಗೆ ಕಲಿಸು, ಮಲಗುವಾಗಲೂ ಏಳುವಾಗಲೂ ಇವನ್ನು ಆಡು, ಕೈಗೆ ಕಟ್ಟಿಕೋ, ಬಾಗಿಲ ಕಂಬದ ಮೇಲೆ ಬರೆ. ಎರಡನೆಯದು 11ನೇ ಅಧ್ಯಾಯದಿಂದ. ಆಜ್ಞೆ ಪಾಲಿಸಿದರೆ ಮಳೆ ಬೆಳೆ, ಇಲ್ಲದಿದ್ದರೆ ಆಕಾಶ ಮುಚ್ಚುತ್ತದೆ. ಮೂರನೆಯದು ಅರಣ್ಯಕಾಂಡದ 15ನೇ ಅಧ್ಯಾಯದ ಕೊನೆ. ಬಟ್ಟೆಯ ಅಂಚಿಗೆ ಕಟ್ಟುವ ಚಿಚೀತ್ ಎಂಬ ಗೊಂಡೆಗಳ ಬಗ್ಗೆ, ಈಜಿಪ್ಟಿನಿಂದ ಬಿಡುಗಡೆಯಾದ ನೆನಪಿನೊಂದಿಗೆ.

ಯೆಹೂದಿ ಮನೆಯ ಬಲಗಡೆ ಬಾಗಿಲ ಕಂಬದಲ್ಲಿ ಒಂದು ಉದ್ದನೆಯ ಪುಟ್ಟ ಡಬ್ಬಿ ನೋಡಿರಬಹುದು. ಮೆಜೂಜಾ ಎಂದು ಹೆಸರು. ಅದರೊಳಗೆ ಸುತ್ತಿಟ್ಟಿರುವ ಚರ್ಮದ ಹಾಳೆಯಲ್ಲಿ ಮೊದಲ ಎರಡು ಭಾಗ ಕೈಬರಹದಲ್ಲಿರುತ್ತದೆ. 22 ಸಾಲು, 713 ಅಕ್ಷರ. ಒಂದೇ ಒಂದು ಅಕ್ಷರ ಬಿಟ್ಟುಹೋದರೂ ಅದು ನಡೆಯುವುದಿಲ್ಲ. ಡಬ್ಬಿ ಎಷ್ಟೇ ಚೆಂದ ಇರಲಿ, ಒಳಗಿರುವುದು ಛಾಪಿಸಿದ ಕಾಗದವಾದರೆ ಅದು ಮೆಜೂಜಾ ಅಲ್ಲ.

ಒಂದು ಕಾಲದಲ್ಲಿ ದೇವಾಲಯದಲ್ಲಿ ಶೆಮಾಕ್ಕೆ ಮೊದಲು ದಶಾಜ್ಞೆಗಳನ್ನೂ ದಿನಾ ಓದುತ್ತಿದ್ದರು. ಈಜಿಪ್ಟಿನಲ್ಲಿ ಸಿಕ್ಕಿದ, ಕ್ರಿಸ್ತಪೂರ್ವ ಎರಡನೇ ಶತಮಾನದ್ದು ಎನ್ನಲಾಗುವ ನ್ಯಾಶ್ ಪಪೈರಸ್ ತುಣುಕಿನಲ್ಲೂ ದಶಾಜ್ಞೆ ಆದ ಕೂಡಲೇ ಶೆಮಾ ಇದೆ. ಆಮೇಲೆ ದಶಾಜ್ಞೆ ಬಿಟ್ಟರು. "ದೇವರು ಕೊಟ್ಟಿದ್ದು ಈ ಹತ್ತೇ" ಎಂದು ವಾದಿಸುವವರಿಗೆ ಆಸ್ಪದ ಬೇಡ ಎಂಬುದು ತಾಲ್ಮೂದ್ ಕೊಡುವ ಕಾರಣ.

ದಿನದ ಪ್ರಾರ್ಥನೆಯಲ್ಲಿ ಇದು ಎಲ್ಲಿ ಬರುತ್ತದೆ?

ಬೆಳಗಿನ ಪ್ರಾರ್ಥನೆಯಲ್ಲಿ ಶೆಮಾಕ್ಕೆ ಮುಂಚೆ ಎರಡು ಆಶೀರ್ವಚನ: ಒಂದು ಬೆಳಕನ್ನು ಸೃಷ್ಟಿಸಿದವನಿಗೆ, ಇನ್ನೊಂದು ತೋರಾ ಕೊಟ್ಟು ಪ್ರೀತಿಸಿದವನಿಗೆ. ಶೆಮಾ ಆದ ಮೇಲೆ ಒಂದು, ಬಿಡುಗಡೆಯ ಬಗ್ಗೆ. ಅದು ಮುಗಿದ ಕೂಡಲೇ, ನಡುವೆ ಮಾತಿಲ್ಲದೆ, ಎದ್ದು ನಿಂತು ಅಮಿದಾ. ರಾತ್ರಿ ಮುಂಚೆ ಎರಡು, ಆಮೇಲೆ ಎರಡು. ಕೊನೆಯದರಲ್ಲಿ ನೆಮ್ಮದಿಯಾಗಿ ಮಲಗಿಸು ಎಂಬ ಬೇಡಿಕೆ. ಮಧ್ಯಾಹ್ನದ ಪ್ರಾರ್ಥನೆಯಲ್ಲಿ ಶೆಮಾದ ಓದು ಇಲ್ಲ, ಏಕೆಂದರೆ ವಚನ ಹೇಳಿದ್ದು ಮಲಗುವ ಮತ್ತು ಏಳುವ ಹೊತ್ತು ಮಾತ್ರ. ಇದಲ್ಲದೆ ಹಾಸಿಗೆಯಲ್ಲಿ ಮಲಗುವ ಮುನ್ನ ಮೊದಲ ಭಾಗವನ್ನು ಇನ್ನೊಮ್ಮೆ ಹೇಳುತ್ತಾರೆ. ಯೆಹೂದಿ ಮಕ್ಕಳು ಶೆಮಾ ಕಲಿಯುವುದು ಹೆಚ್ಚಾಗಿ ಅಲ್ಲೇ, ಅಮ್ಮನ ಪಕ್ಕದಲ್ಲಿ.

ಬೆಳಗಿನ ಶೆಮಾ ಎಷ್ಟು ಹೊತ್ತಿನೊಳಗೆ ಓದಬೇಕು?

ಹಗಲಿನ ಮೂರನೇ ಗಂಟೆ ಮುಗಿಯುವುದರೊಳಗೆ. ರಬ್ಬಿ ಯೆಹೋಶುವಾ ಕೊಟ್ಟ ಕಾರಣ: ಅರಸುಮಕ್ಕಳು ಏಳುವುದು ಆ ಹೊತ್ತಿಗೆ. ಅಂದರೆ "ಏಳುವ ಹೊತ್ತು" ಅಲ್ಲಿಯವರೆಗೂ ಇದೆ. ಆದರೆ ಈ ಗಂಟೆ ನಮ್ಮ ಗಡಿಯಾರದ್ದಲ್ಲ. ಹಗಲನ್ನು ಹನ್ನೆರಡು ಪಾಲು ಮಾಡಿದರೆ ಒಂದು ಪಾಲು ಒಂದು ಗಂಟೆ.

ಲೆಕ್ಕ ಮಾಡಿ ನೋಡೋಣ. ಸೂರ್ಯೋದಯ ಬೆಳಿಗ್ಗೆ 6:00, ಸೂರ್ಯಾಸ್ತ ಸಂಜೆ 6:48 ಎಂದುಕೊಳ್ಳಿ. ಹಗಲು 768 ನಿಮಿಷ. ಹನ್ನೆರಡರಿಂದ ಭಾಗಿಸಿದರೆ ಒಂದು ಗಂಟೆಗೆ 64 ನಿಮಿಷ. ಮೂರು ಗಂಟೆಗೆ 192 ನಿಮಿಷ. ಗಡುವು 9:12.

ಇಲ್ಲಿಗೇ ಮುಗಿಯಲಿಲ್ಲ. ಹಗಲು ಸೂರ್ಯೋದಯಕ್ಕೆ 72 ನಿಮಿಷ ಮೊದಲೇ, ಮುಂಜಾವಿನಲ್ಲೇ ಶುರುವಾಗಿ, ಸೂರ್ಯಾಸ್ತವಾಗಿ 72 ನಿಮಿಷಕ್ಕೆ ಮುಗಿಯುತ್ತದೆ ಎಂಬ ಇನ್ನೊಂದು ಪಕ್ಷ ಇದೆ. ಮಾಗೆನ್ ಅವ್ರಾಹಾಮ್ ಲೆಕ್ಕ ಎನ್ನುತ್ತಾರೆ. ಅದರಂತೆ ಅದೇ ದಿನ ಬೆಳಗಿನ 4:48ರಿಂದ ರಾತ್ರಿ 8:00ರವರೆಗೆ ಹಗಲು, ಒಂದು ಗಂಟೆಗೆ 76 ನಿಮಿಷ, ಗಡುವು 8:36. ಅದಕ್ಕೇ ಯೆಹೂದಿ ಕ್ಯಾಲೆಂಡರುಗಳಲ್ಲಿ "ಶೆಮಾದ ಕೊನೆಯ ಹೊತ್ತು" ಎಂದು ಎರಡೆರಡು ಸಮಯ ಇರುತ್ತದೆ. ಎಚ್ಚರ ಜಾಸ್ತಿ ಇರುವವರು ಎರಡರಲ್ಲಿ ಬೇಗ ಬರುವುದನ್ನು ಹಿಡಿಯುತ್ತಾರೆ. ಬೇಸಿಗೆಯಲ್ಲಿ ತಡವಾಗಿ ಏಳುವವರಿಗೆ ನಿಜಕ್ಕೂ ಕಷ್ಟ.

ರಾತ್ರಿಯದಕ್ಕೆ ಮೂರು ನಕ್ಷತ್ರ ಕಾಣುವ ಹೊತ್ತಿನಿಂದ ಸಮಯ. ನಡುರಾತ್ರಿಯೊಳಗೆ ಮುಗಿಸಿ ಎಂದು ಪಂಡಿತರು ಹೇಳಿದರೂ ನಿಜವಾದ ಗಡುವು ಮುಂಜಾವು. ರಬ್ಬಾನ್ ಗಮ್ಲಿಯೇಲರ ಮಕ್ಕಳು ಔತಣ ಮುಗಿಸಿಕೊಂಡು ನಡುರಾತ್ರಿ ಕಳೆದು ಮನೆಗೆ ಬಂದರಂತೆ. "ಶೆಮಾ ಓದಿಲ್ಲ" ಎಂದರು. ಅಪ್ಪ ಬೈಯಲಿಲ್ಲ. ಇನ್ನೂ ಬೆಳಕು ಹರಿದಿಲ್ಲ, ಓದಿ ಎಂದರು.

ಹೊತ್ತು ಮೀರಿದರೆ?

ಆಮೇಲೂ ಓದುತ್ತಾರೆ, ನಷ್ಟವಿಲ್ಲ. ಆದರೆ ಮಿಷ್ನಾ ಪ್ರಕಾರ ಅದು ತೋರಾ ಓದಿದಂತೆ ಲೆಕ್ಕ. ಹೊತ್ತಿಗೆ ಓದಿದ ಶೆಮಾದ ಲೆಕ್ಕಕ್ಕೆ ಬಾರದು.

ಕಣ್ಣು ಮುಚ್ಚುವುದು ಯಾಕೆ? ನಿಂತು ಹೇಳಬೇಕಾ?

ಮೊದಲ ಸಾಲಿಗೆ ಬಲಗೈಯಿಂದ ಕಣ್ಣು ಮುಚ್ಚಿಕೊಳ್ಳುತ್ತಾರೆ. ಮಿಷ್ನಾ ಸಂಪಾದಿಸಿದ ಯೆಹೂದಾ ಹನಾಸಿ ಪಾಠ ಮಾಡುತ್ತಲೇ ಇರುತ್ತಿದ್ದರು, ಶೆಮಾ ಯಾವಾಗ ಓದುತ್ತಾರೆ ಎಂದೇ ಶಿಷ್ಯರಿಗೆ ಕಾಣುತ್ತಿರಲಿಲ್ಲ. ಕೇಳಿದರೆ ಸಿಕ್ಕ ಉತ್ತರ: ಅವರು ಕಣ್ಣ ಮೇಲೆ ಕೈ ಆಡಿಸುತ್ತಾರಲ್ಲ, ಆಗ. ರೂಢಿಗೆ ಮೂಲ ಅಲ್ಲಿದೆ.

ನಿಲ್ಲಬೇಕಾ ಎಂಬುದು ಹಳೆಯ ಜಗಳ. ಶಮ್ಮಾಯ್ ಪಂಥದವರು ರಾತ್ರಿ ಒರಗಿ, ಬೆಳಿಗ್ಗೆ ನಿಂತು ಓದಿ ಎಂದರು. ಹಿಲ್ಲೇಲ್ ಪಂಥದವರು ಹೇಗಿದ್ದೀರೋ ಹಾಗೆ ಓದಿ, ವಚನ ಹೇಳಿದ್ದು ಹೊತ್ತು, ಭಂಗಿ ಅಲ್ಲ ಎಂದರು. ಹಿಲ್ಲೇಲ್ ಮಾತೇ ಉಳಿಯಿತು. ರಬ್ಬಿ ತರ್ಫೋನ್ ಒಮ್ಮೆ ದಾರಿಯಲ್ಲಿ ಶಮ್ಮಾಯ್ ಪಂಥದಂತೆ ಒರಗಿ ಓದಲು ಹೋಗಿ ಕಳ್ಳರ ಕೈಗೆ ಸಿಕ್ಕುವುದರಲ್ಲಿದ್ದರು. ಜೊತೆಯವರು ಮರುಕ ತೋರಿಸಲಿಲ್ಲ, ನಿನಗೆ ಆಗಬೇಕಾದ್ದೇ ಎಂದರು.

ಓದುವಾಗ ಸಾಮಾನ್ಯವಾಗಿ ಏನು ತಪ್ಪುತ್ತದೆ?

ಎರಡು ಪದ ಅಂಟಿಕೊಳ್ಳುವುದು. ಒಂದು ಪದ ಯಾವ ಅಕ್ಷರದಲ್ಲಿ ಮುಗಿಯುತ್ತದೋ ಮುಂದಿನದು ಅದರಲ್ಲೇ ಶುರುವಾದರೆ ನಡುವೆ ಚೂರು ಬಿಡುವು ಬೇಕು. "ಬೆಖೋಲ್ ಲೆವಾವ್ಖಾ" ಎಂಬಲ್ಲಿ ಎರಡು ಲಕಾರ ಒಂದಾಗಬಾರದು. "ಎಸೆವ್ ಬೆಸಾದ್ಖಾ" ಮುಂತಾದವನ್ನು ತಾಲ್ಮೂದ್ ಪಟ್ಟಿ ಮಾಡಿಯೇ ಇಟ್ಟಿದೆ. ಮಾತಾಡುತ್ತಾ ಮಾತಾಡುತ್ತಾ ಸಂಧಿ ಮಾಡುವ ನಮ್ಮಂಥವರ ನಾಲಿಗೆಗೆ ಇದು ಸ್ವಲ್ಪ ಕಷ್ಟವೇ.

ಇನ್ನೊಂದು ಮೂರನೇ ಭಾಗದ "ತಿಜ್ಕೆರು". ಇಲ್ಲಿನ ಝಯಿನ್ ಅಕ್ಷರ ದುಂಬಿ ಗುಂಯ್ ಅನ್ನುವಂಥ ಸದ್ದು. ಅದು ಸಡಿಲಾಗಿ "ತಿಸ್ಕೆರು" ಆದರೆ "ನೀವು ನೆನೆಯುವಂತೆ" ಎಂಬುದು "ನಿಮಗೆ ಕೂಲಿ ಸಿಗುವಂತೆ" ಎಂದಾಗುತ್ತದೆ. ಆಜ್ಞೆ ಪಾಲಿಸುವುದು ಸಂಬಳಕ್ಕಾಗಿ ಎಂದಂತಾಯಿತು.

ಮೂರನೆಯದು ಮನಸ್ಸು ಎಲ್ಲೋ ಹೋಗುವುದು. ಬೇರೆ ಭಾಗದಲ್ಲಿ ಹೇಗೋ ನಡೆದೀತು, ಮೊದಲ ವಾಕ್ಯ ಮನಸ್ಸಿಟ್ಟು ಹೇಳದಿದ್ದರೆ ಮತ್ತೆ ಓದಲೇಬೇಕು. ಆದರೆ ಗಟ್ಟಿಯಾಗಿ "ಶೆಮಾ, ಶೆಮಾ" ಎಂದು ಎರಡೆರಡು ಸಲ ಹೇಳುವಂತಿಲ್ಲ. ಕೇಳಿದವರು ಇಬ್ಬರು ದೇವರನ್ನು ಕರೆಯುತ್ತಿದ್ದಾನೆ ಎಂದುಕೊಂಡಾರು. ಸ್ವಲ್ಪ ತಡೆದು, ತನಗಷ್ಟೇ ಕೇಳುವಂತೆ ಓದುತ್ತಾರೆ. ಕಣ್ಣು ಮಿಟುಕಿಸಿ, ಬೆರಳು ತೋರಿಸಿ ಸನ್ನೆ ಮಾಡುವುದನ್ನೂ ತಾಲ್ಮೂದ್ ಬೇಡ ಅಂದಿದೆ. ಆಗಲೂ ಜನ ಹಾಗೇ ಇದ್ದರು ಅನ್ನಿ.

ಹೆಂಗಸರೂ ಓದಬೇಕಾ?

ಹೊತ್ತಿಗೆ ಕಟ್ಟುಬಿದ್ದ ಆಜ್ಞೆಯಾದ್ದರಿಂದ ಹೆಂಗಸರಿಗೆ ಕಡ್ಡಾಯವಿಲ್ಲ ಎನ್ನುತ್ತದೆ ಮಿಷ್ನಾ. ಆದರೂ ಮೊದಲ ವಾಕ್ಯವನ್ನಾದರೂ ಹೇಳುವುದು ರೂಢಿ. ಗಂಡು ಹೆಣ್ಣಿಗೆ ಒಂದೇ ನಿಯಮ ಇಟ್ಟುಕೊಂಡ ಸಭೆಗಳೂ ಇಂದು ಬಹಳ ಇವೆ.

ಸಾಯುವಾಗಲೂ ಇದನ್ನೇ ಹೇಳುತ್ತಾರಂತೆ?

ಹೌದು. ಕ್ರಿ.ಶ. ಎರಡನೇ ಶತಮಾನದಲ್ಲಿ ರೋಮನರು ರಬ್ಬಿ ಅಕಿವಾರನ್ನು ಕೊಲ್ಲಲು ಹೊರಗೆ ಕರೆದುಕೊಂಡು ಬಂದಾಗ ಶೆಮಾ ಓದುವ ಹೊತ್ತಾಗಿತ್ತು. ಕಬ್ಬಿಣದ ಬಾಚಣಿಗೆಯಿಂದ ಮೈ ಕೀಳುತ್ತಿದ್ದರೂ ಅವರು ಓದುತ್ತಿದ್ದರು. ಶಿಷ್ಯರು "ಗುರುಗಳೇ, ಇಲ್ಲಿಯವರೆಗೂ ಬೇಕೇ?" ಎಂದರು. "ಪೂರ್ಣ ಪ್ರಾಣದಿಂದ ಪ್ರೀತಿಸು ಎಂಬ ಮಾತನ್ನು ಯಾವಾಗ ಪಾಲಿಸುತ್ತೇನೋ ಎಂದು ಜೀವನವಿಡೀ ಕಾದಿದ್ದೆ" ಎಂದರು ಅಕಿವಾ. "ಎಖಾದ್" ಎಳೆಯುತ್ತಿರುವಾಗಲೇ ಉಸಿರು ಹೋಯಿತು ಎನ್ನುತ್ತದೆ ತಾಲ್ಮೂದ್. ಕೊನೆಯುಸಿರಿಗೆ ಶೆಮಾ ಹೇಳುವವರ ಮನಸ್ಸಿನಲ್ಲಿ ಈ ಕಥೆ ಇರುತ್ತದೆ.

ಭಾರತದಲ್ಲಿ ಇದನ್ನು ಹೇಳುವವರು ಇದ್ದಾರಾ?

ಇದ್ದಾರೆ. ಕೊಂಕಣ ಕರಾವಳಿಯ, ಮರಾಠಿ ಆಡುವ ಬೆನೆ ಇಸ್ರೇಲ್ ಸಮುದಾಯ ಉಳಿದ ಯೆಹೂದಿ ಲೋಕದಿಂದ ಬಹುಕಾಲ ದೂರವಿತ್ತು. ಎಣ್ಣೆ ತೆಗೆಯುವ ಕೆಲಸ, ಶನಿವಾರ ಗಾಣ ನಿಲ್ಲಿಸುತ್ತಿದ್ದರು, ಹಾಗಾಗಿ ಊರವರು "ಶನಿವಾರ ತೇಲಿ" ಎಂದರು. ಪ್ರಾರ್ಥನೆ ಪುಸ್ತಕ ಇರಲಿಲ್ಲ, ಹೀಬ್ರೂ ಮರೆತಿತ್ತು. ಶೆಮಾದ ಮೊದಲ ವಾಕ್ಯ ಮಾತ್ರ ಬಾಯಲ್ಲಿ ಉಳಿದಿತ್ತು. ಮದುವೆಯಿರಲಿ, ಸುನ್ನತಿಯಿರಲಿ, ಸಾವಿರಲಿ, ಅದನ್ನೇ ಹೇಳುತ್ತಿದ್ದರು. ಡೇವಿಡ್ ರಹಾಬಿ ಎಂಬವನು ಇವರನ್ನು ಯೆಹೂದ್ಯರೆಂದು ಗುರುತಿಸಿದ್ದು ಸಬ್ಬತ್, ಸುನ್ನತಿ, ಮೀನಿನ ಊಟದ ನಿಯಮದ ಜೊತೆಗೆ ಈ ಒಂದು ವಾಕ್ಯದಿಂದ ಎಂದು ಸಮುದಾಯದ ಹಿರಿಯರು ಹೇಳಿಕೊಂಡು ಬಂದಿದ್ದಾರೆ.

ಕನ್ನಡದಲ್ಲಿ ಓದಿದರೆ ಆಗುತ್ತದಾ?

ಮೂಲ ನಿಯಮದ ಪ್ರಕಾರ ಆಗುತ್ತದೆ. ಯೆಹೂದಾ ಹನಾಸಿ ಹೀಬ್ರೂವಿನಲ್ಲೇ ಇರಲಿ ಎಂದರು. ಉಳಿದ ಪಂಡಿತರು ವಾಕ್ಯ ಶುರುವಾಗುವುದೇ "ಕೇಳು" ಎಂದು, ಕೇಳಿ ಅರ್ಥವಾಗುವ ಯಾವ ಭಾಷೆಯಾದರೂ ಸರಿ ಎಂದರು. ಮಿಷ್ನಾ ಕೂಡ ಯಾವ ಭಾಷೆಯಲ್ಲೂ ಹೇಳಬಹುದಾದವುಗಳ ಸಾಲಿಗೆ ಶೆಮಾವನ್ನು ಸೇರಿಸಿದೆ.

ಆದರೆ ನಂತರದವರು ಒಂದು ತಕರಾರು ಎತ್ತಿದರು. ಅನುವಾದ ಪಕ್ಕಾ ಇರಬೇಕು. ಮೊದಲ ಭಾಗದಲ್ಲಿ ಹಣೆಯ ಮೇಲೆ ಇರಬೇಕಾದ್ದನ್ನು "ತೋತಾಫೋತ್" ಎನ್ನಲಾಗಿದೆ. ಅದು ತೆಫಿಲ್ಲಿನ್ ಎಂಬ ಚರ್ಮದ ಪೆಟ್ಟಿಗೆ ಎಂಬುದು ಸಂಪ್ರದಾಯ. ಪದದ ನೇರ ಅರ್ಥ ಏನು ಎಂದು ಹಳಬರಲ್ಲೇ ಒಮ್ಮತವಿಲ್ಲ. ಅವರಿಗೇ ತಿಳಿಯದ್ದನ್ನು ಕನ್ನಡಕ್ಕೆ ಪಕ್ಕಾ ಹೇಗೆ ತರುವುದು? ಹಾಗಾಗಿ ಇಂದು ಸಂಪ್ರದಾಯಸ್ಥರು ಹೀಬ್ರೂವಿನಲ್ಲೇ ಓದುತ್ತಾರೆ. ಅರ್ಥಕ್ಕಾಗಿ ಪಕ್ಕದ ಪುಟದಲ್ಲಿ ತಮ್ಮ ಭಾಷೆಯ ಅನುವಾದ ಇಟ್ಟುಕೊಳ್ಳುತ್ತಾರೆ.